ರೈಲಿಗೆ, ಪಿಕ್ನಿಕ್‌ಗೆ ಮೊಟ್ಟೆ, ಮಯೋನೀಸ್, ಕಸ್ಟರ್ಡ್ ಕಟ್ಟಿಕೊಂಡು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರವಾಸ ಹೊರಟವರಿಗೆ ಬುತ್ತಿ ಕಟ್ಟಿಕೊಡುವುದು ನನ್ನ ಕೆಲಸ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ ಕೇಳಿದವರು ಡಬ್ಬಿ ತಗೊಂಡು ಹೊರಟುಬಿಡುತ್ತಾರೆ. ಮೊಟ್ಟೆ, ಮಯೋನೀಸ್, ಕಸ್ಟರ್ಡ್ ಕೇಳಿದವರ ಜೊತೆ ಮಾತ್ರ ಅರ್ಧ ಗಂಟೆ ಮಾತಾಡದೆ ಡಬ್ಬಿ ಕೈಗೆ ಕೊಡುವುದಿಲ್ಲ. ಆ ಮಾತುಗಳಲ್ಲಿ, ಫೋನಿನಲ್ಲಿ, ವಾಟ್ಸಾಪ್‌ನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

ಪುಳಿಯೋಗರೆ ಬೆಳಿಗ್ಗೆ ಕಟ್ಟಿದ್ರೆ ರಾತ್ರಿವರೆಗೂ ಇರುತ್ತೆ. ಎಗ್ ಸ್ಯಾಂಡ್‌ವಿಚ್ ಯಾಕೆ ಇರಲ್ಲ?

ಪುಳಿಯೋಗರೆಯನ್ನು ಕಾಯುವುದು ಹುಣಸೆಹಣ್ಣು. ಬೇನೆ ತರುವ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಹುಳಿಯಲ್ಲಿ ಬೆಳೆಯಲು ಒದ್ದಾಡುತ್ತವೆ. ಮೊಟ್ಟೆಯಲ್ಲಿ ಆ ಕಾವಲು ಇಲ್ಲ. ಅದರ ತುಂಬ ಪ್ರೋಟೀನು ಮತ್ತು ನೀರು. ಹುಳಿಯಂತೂ ಇಲ್ಲವೇ ಇಲ್ಲ. ಬಿಳಿ ಭಾಗವಂತೂ ಹುಳಿಗೆ ಉಲ್ಟಾ, ಕ್ಷಾರದ ಕಡೆಗಿದೆ. ಅದಕ್ಕೆ ಬೆಚ್ಚನೆ ಹವೆ ಸಿಕ್ಕರೆ ಬ್ಯಾಕ್ಟೀರಿಯಾಗೆ ಮದುವೆ ಮನೆ ಊಟವೇ ಸಿಕ್ಕ ಹಾಗೆ. ಕಸ್ಟರ್ಡ್‌ನ ಕಥೆಯೂ ಇದೇ. ಮಯೋನೀಸ್ ಕಥೆ ಸ್ವಲ್ಪ ಬೇರೆ, ಅದು ಕೆಳಗೆ ಬರುತ್ತದೆ.

ಸುತ್ತಿ ಬಳಸಿ ಹೇಳಬೇಡಿ. ಹೊರಗೆ ಎಷ್ಟು ಗಂಟೆ ಇಡಬಹುದು?

ಎರಡು ಗಂಟೆ. ಸುತ್ತಲಿನ ಹವೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ.

5 ಡಿಗ್ರಿಗಿಂತ ಕೆಳಗೆ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಮಲಗಿರುತ್ತವೆ. 60 ಡಿಗ್ರಿಗಿಂತ ಮೇಲೆ ಬೆಳೆಯಲು ಆಗುವುದಿಲ್ಲ. ನಡುವಿನದೆಲ್ಲ ಅವುಗಳ ಕಾಲ. ಹಾಗಾಗಿ ಬುತ್ತಿಗೆ ಇರುವುದು ಎರಡೇ ದಾರಿ: ತಣ್ಣಗೆ ಅಂದರೆ ಫ್ರಿಜ್‌ನಷ್ಟು ತಣ್ಣಗೆ, ಬಿಸಿ ಅಂದರೆ ಬಾಯಿಗಿಟ್ಟರೆ ಊದಿಕೊಂಡು ತಿನ್ನುವಷ್ಟು ಬಿಸಿ. ನಮ್ಮವರು ಪ್ರೀತಿಯಿಂದ ಹೇಳುವ ‘ಉಗುರುಬೆಚ್ಚಗಿದೆ, ಈಗ ತಿನ್ನಿ’ ಅನ್ನುವ ಹದವೇ ಎಲ್ಲಕ್ಕಿಂತ ಕೆಟ್ಟದ್ದು.

ನಾವು ಎಸಿ ಕೋಚ್‌ನಲ್ಲಿ ಹೋಗ್ತೀವಿ. ಅಲ್ಲಿ ತಂಪಾಗಿರುತ್ತಲ್ಲ?

ನಿಮಗೆ ತಂಪು, ಮೊಟ್ಟೆಗಲ್ಲ. ಎಸಿ ಕೋಚ್ ಅಂದರೆ 24 ಡಿಗ್ರಿ ಆಸುಪಾಸು. 5ಕ್ಕೂ 60ಕ್ಕೂ ನಡುವೆಯೇ ಬಂತು ಅಲ್ವಾ? ಎಸಿಯಿಂದ ಸಿಗುವ ಲಾಭ ಇಷ್ಟೇ, ಒಂದು ಗಂಟೆಯ ಲೆಕ್ಕ ಎರಡು ಗಂಟೆಯದ್ದಾಗುತ್ತದೆ. ಏಪ್ರಿಲ್‌ನಲ್ಲಿ ಸ್ಲೀಪರ್ ಕೋಚ್‌ನ ಸೀಟಿನ ಕೆಳಗೆ ಇಟ್ಟ ಚೀಲಕ್ಕೆ ಅದೂ ಇಲ್ಲ. ಪಿಕ್ನಿಕ್‌ಗೆ ಕಾರಿನಲ್ಲಿ ಹೋಗುವವರು ಡಿಕ್ಕಿಯನ್ನು ಮರೆಯಬೇಡಿ. ಮುಂದೆ ಎಸಿ ಓಡುತ್ತಿದ್ದರೂ ಡಿಕ್ಕಿ ಕಾದಿರುತ್ತದೆ. ಬುತ್ತಿ ನಿಮ್ಮ ಕಾಲ ಬಳಿ ಇರಲಿ.

ಮಧ್ಯದಲ್ಲಿ ನೆಂಟರ ಮನೆಯಲ್ಲಿ ಒಂದು ಗಂಟೆ ಫ್ರಿಜ್‌ನಲ್ಲಿ ಇಟ್ಟಿದ್ವಿ. ಲೆಕ್ಕ ಮತ್ತೆ ಸೊನ್ನೆಯಿಂದ ಶುರು ಅಲ್ವಾ?

ಅಲ್ಲ. ಹೊರಗಿದ್ದ ಹೊತ್ತನ್ನೆಲ್ಲ ಕೂಡಿಸಬೇಕು. ಫ್ರಿಜ್ ಬೆಳವಣಿಗೆಯನ್ನು ನಿಲ್ಲಿಸುತ್ತದೆ, ಆಗಲೇ ಬೆಳೆದಿದ್ದನ್ನು ಅಳಿಸುವುದಿಲ್ಲ. ಅಡುಗೆಮನೆ ಕಟ್ಟೆ ಮೇಲೆ ತಣಿಯಲು ಬಿಟ್ಟ ಮುಕ್ಕಾಲು ಗಂಟೆ, ಆಟೋದಲ್ಲಿ ಅರ್ಧ ಗಂಟೆ, ಪ್ಲಾಟ್‌ಫಾರಂನಲ್ಲಿ ರೈಲಿಗೆ ಕಾದ ಮುಕ್ಕಾಲು ಗಂಟೆ. ಅಲ್ಲಿಗೆ ಎರಡು ಗಂಟೆ ಮುಗಿಯಿತು, ರೈಲು ಇನ್ನೂ ಹೊರಟೇ ಇಲ್ಲ!

ವಾಸನೆ ನೋಡಿದ್ರೆ ಗೊತ್ತಾಗಲ್ವಾ? ನಮ್ಮಜ್ಜಿ ಮೂಸಿ ನೋಡಿಯೇ ಹೇಳ್ತಿದ್ರು.

ಹಾಲು ಒಡೆದಿದ್ದು, ಅನ್ನ ಹಳಸಿದ್ದು ಮೂಸಿದರೆ ಗೊತ್ತಾಗುತ್ತದೆ. ಅದು ಹಳಸಿಸುವ ಜೀವಿಗಳ ಕೆಲಸ. ವಾಂತಿ ಭೇದಿ ತರುವ ಜೀವಿಗಳು ಬೇರೆ. ಅವು ವಾಸನೆ, ಬಣ್ಣ, ರುಚಿ ಯಾವುದನ್ನೂ ಬದಲಿಸದೆ ಬೆಳೆಯಬಲ್ಲವು. ಅಜ್ಜಿಯ ಮೂಗು ಕೆಟ್ಟಿದೆ ಎಂದರೆ ಅದನ್ನು ನಂಬಿ, ಎಸೆಯಿರಿ. ಚೆನ್ನಾಗಿದೆ ಎಂದರೆ ಮಾತ್ರ ಗಡಿಯಾರವನ್ನೂ ಒಮ್ಮೆ ನೋಡಿ.

## ಮೊಟ್ಟೆ

ಅಂಗಡಿಯಲ್ಲಿ ಹಸಿ ಮೊಟ್ಟೆ ದಿನಗಟ್ಟಲೆ ಹೊರಗೇ ಇರುತ್ತೆ. ಬೇಯಿಸಿದ್ದು ಅದಕ್ಕಿಂತ ಗಟ್ಟಿ ಅಲ್ವಾ?

ತುಂಬ ಜನ ಎಡವುವುದು ಇಲ್ಲೇ. ಹಸಿ ಮೊಟ್ಟೆಯ ಸಿಪ್ಪೆ ಮೇಲೆ ಕಣ್ಣಿಗೆ ಕಾಣದ ತೆಳುವಾದ ಲೇಪ ಇರುತ್ತದೆ. ಸಿಪ್ಪೆಯ ಸಾವಿರಾರು ಸೂಕ್ಷ್ಮ ರಂಧ್ರಗಳನ್ನು ಅದು ಮುಚ್ಚಿಕೊಂಡಿರುತ್ತದೆ. ಒಳಗಿನ ಬಿಳಿ ಭಾಗದಲ್ಲೂ ಬ್ಯಾಕ್ಟೀರಿಯಾ ತಡೆಯುವ ಅಂಶಗಳಿವೆ. ಕುದಿಸಿದಾಗ ಲೇಪ ತೊಳೆದುಹೋಗುತ್ತದೆ, ಬಿಳಿ ಭಾಗದ ಆ ಕಾವಲೂ ಬಹುಪಾಲು ಹೋಗುತ್ತದೆ. ಬೇಯಿಸಿದ ಮೊಟ್ಟೆ ಕೈಗೆ ಗಟ್ಟಿ, ಆದರೆ ಬಾಗಿಲು ತೆರೆದ ಮನೆ.

ಇನ್ನೊಂದು ಸಂಗತಿ ಹೇಳಿದರೆ ಅನೇಕರು ನಂಬುವುದಿಲ್ಲ. ಬಿಸಿ ಮೊಟ್ಟೆಯನ್ನು ತಣ್ಣೀರಿಗೆ ಹಾಕಿದಾಗ ಒಳಗಿನದು ಕುಗ್ಗುತ್ತದೆ. ಆಗ ಸಿಪ್ಪೆಯ ರಂಧ್ರಗಳಿಂದ ಹೊರಗಿನ ನೀರು ಸ್ವಲ್ಪ ಒಳಕ್ಕೆ ಎಳೆಯಲ್ಪಡುತ್ತದೆ. ಆ ನೀರು ಪಾತ್ರೆ ತೊಳೆದು ಮಿಕ್ಕ ಬಕೆಟ್‌ನದ್ದಾಗಿದ್ದರೆ ಮೊಟ್ಟೆಯೊಳಗೆ ಏನು ಸೇರಿತು ಯೋಚಿಸಿ. ತಣಿಸಲು ಕುಡಿಯುವ ನೀರನ್ನೇ ಬಳಸಿ.

ಪ್ರಯಾಣಕ್ಕೆ ಮೊಟ್ಟೆಯನ್ನು ಪೂರ್ತಿ ಬೇಯಿಸಿ. ಕುದಿಯುವ ನೀರಿನಲ್ಲಿ 12 ನಿಮಿಷ, ಹಳದಿ ಪೂರ್ತಿ ಗಟ್ಟಿಯಾಗಲಿ. ಸಿಪ್ಪೆ ಸಮೇತ ತಣಿಸಿ, ಬಟ್ಟೆಯಲ್ಲಿ ಒರೆಸಿ, ತಕ್ಷಣ ಫ್ರಿಜ್‌ಗೆ. ಫ್ರಿಜ್‌ನಲ್ಲಿ ಒಂದು ವಾರದವರೆಗೂ ಇರುತ್ತದೆ. ಹೊರಗೆ ತೆಗೆದ ಮೇಲೆ ಮೇಲಿನ ಎರಡು ಗಂಟೆಯ ಲೆಕ್ಕವೇ. ತಿನ್ನುವಾಗಲೇ ಸಿಪ್ಪೆ ಬಿಡಿಸಿ. ಹಳದಿಯ ಸುತ್ತ ಹಸಿರು ಗೆರೆ ಕಂಡರೆ ಜಾಸ್ತಿ ಬೆಂದಿದೆ ಅಂತ ಅಷ್ಟೇ, ಕೆಟ್ಟಿಲ್ಲ.

ಎಗ್ ಬುರ್ಜಿ, ಆಮ್ಲೆಟ್ ಸುತ್ತಿದ ಚಪಾತಿ ತಗೊಂಡು ಹೋಗಬಹುದಾ?

ಬೆಳಗಿನ ರೈಲು ಹತ್ತಿ ಒಂದು ಗಂಟೆಯೊಳಗೆ ತಿಂಡಿ ಮುಗಿಸುವುದಾದರೆ ಧಾರಾಳವಾಗಿ. ಮಧ್ಯಾಹ್ನಕ್ಕೆ ಬೇಡ. ಎರಡರಲ್ಲಿ ಆಮ್ಲೆಟ್ ವಾಸಿ. ತೆಳುವಾಗಿ, ಎರಡೂ ಕಡೆ ಬೇಯಿಸಿದ ಆಮ್ಲೆಟ್‌ನಲ್ಲಿ ನೀರಿನಂಶ ಕಡಿಮೆ. ಬುರ್ಜಿಯಲ್ಲಿ ಈರುಳ್ಳಿ, ಟೊಮ್ಯಾಟೊ ನೀರು ಬಿಡುತ್ತವೆ, ಮೇಲೆ ಉದುರಿಸಿದ ಹಸಿ ಕೊತ್ತಂಬರಿ ಬೇರೆ. ಎರಡನ್ನೂ ಬಿಸಿಬಿಸಿಯಾಗಿ ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿದರೆ ಒಳಗೆ ಹಬೆ ನೀರಾಗಿ, ರೋಲ್ ಉಗುರುಬೆಚ್ಚಗೆ ಬೆವರುತ್ತಾ ಕೂರುತ್ತದೆ.

ಬಸ್‌ಸ್ಟ್ಯಾಂಡ್ ಬೇಕರಿ ಎಗ್ ಪಫ್ಸ್? ಕೇಕ್?

ಪಫ್ಸ್‌ನ ಹೊರಪದರ ಒಣಗಿರುತ್ತದೆ, ಒಳಗೆ ಅರ್ಧ ಮೊಟ್ಟೆ ಮತ್ತು ಒದ್ದೆ ಈರುಳ್ಳಿ ಮಸಾಲೆ. ಅದು ಗಾಜಿನ ಶೋಕೇಸ್‌ನಲ್ಲಿ ಎಷ್ಟು ಹೊತ್ತಿನಿಂದ ಕೂತಿದೆ ಎಂದು ನಮಗೆ ಗೊತ್ತಿರುವುದಿಲ್ಲ. ಒಲೆಯಿಂದ ಈಗ ಇಳಿದದ್ದಾದರೆ ತಿನ್ನಿ, ದಾರಿಗೆ ಕಟ್ಟಿಸಿಕೊಳ್ಳಬೇಡಿ. ಸಾದಾ ಕೇಕ್, ಬಿಸ್ಕತ್ತು, ರಸ್ಕ್‌ಗಳಲ್ಲಿ ಮೊಟ್ಟೆ ಇದ್ದರೂ ನೀರಿನಂಶ ಕಡಿಮೆ, ಸಕ್ಕರೆ ಜಾಸ್ತಿ, ಚೆನ್ನಾಗಿ ಬೆಂದಿರುತ್ತವೆ. ಅವು ಪ್ರಯಾಣದ ತಿಂಡಿ. ಕ್ರೀಮ್ ಪೇಸ್ಟ್ರಿ, ಕ್ರೀಮ್ ಬನ್ ಅಲ್ಲ.

## ಮಯೋನೀಸ್

ಅಂಗಡಿಯಲ್ಲಿ ಸಿಗುವ ಮಯೋನೀಸ್ ಅಷ್ಟು ಅಪಾಯಾನಾ?

ಬಾಟಲಿಯಲ್ಲಿ ಇರುವಷ್ಟು ಹೊತ್ತು ಅಲ್ಲ. ಕಂಪನಿಗಳ ಮಯೋನೀಸ್‌ಗೆ ವಿನೆಗರ್ ಹಾಕಿ ಚೆನ್ನಾಗಿ ಹುಳಿ ಮಾಡಿರುತ್ತಾರೆ. ಮೊಟ್ಟೆ ಇದ್ದರೂ ಸಾಮಾನ್ಯವಾಗಿ ಪಾಶ್ಚರೀಕರಿಸಿದ್ದು, ಅಂದರೆ ಹದವಾಗಿ ಬಿಸಿ ಮಾಡಿ ಬ್ಯಾಕ್ಟೀರಿಯಾ ಕೊಂದದ್ದು. ಮುಚ್ಚಿದ ಬಾಟಲಿ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಇರುವುದು ಅದಕ್ಕೇ. ತೆರೆದ ಮೇಲೆ ಫ್ರಿಜ್‌ನಲ್ಲಿ ಇಡಿ ಎಂದು ಲೇಬಲ್‌ನಲ್ಲೇ ಬರೆದಿರುತ್ತದೆ. ನಾವು ಎಂಜಲು ಚಮಚ ಅದ್ದುತ್ತೇವೆ, ಬ್ರೆಡ್ ಚೂರು ಬೀಳಿಸುತ್ತೇವೆ, ಆ ಚೂರಿನ ಸುತ್ತ ಹುಳಿ ಕಡಿಮೆಯಾಗುತ್ತದೆ.

ಪ್ರಯಾಣಕ್ಕೆ ನಾನು ಬಾಟಲಿ ಕಳಿಸುವುದೇ ಇಲ್ಲ. ಒಬ್ಬೊಬ್ಬರಿಗೆ ಒಂದರಂತೆ ಸಣ್ಣ ಸ್ಯಾಶೆ. ಹರಿದದ್ದು ಅಲ್ಲೇ ಮುಗಿಯುತ್ತದೆ.

ನಾವು ಹಾಕಿರೋದು ಎಗ್‌ಲೆಸ್ ಮಯೋ. ಹಾಗಾದ್ರೆ ಹೆದರಿಕೆ ಇಲ್ಲ ಅಲ್ವಾ?

ನಾನೂ ಹಾಗೇ ಅಂದುಕೊಂಡಿದ್ದೆ. ಈ ಕೆಲಸಕ್ಕೆ ಇಳಿಯುವ ಮೊದಲು ಒಮ್ಮೆ ಮನೆಯವರೆಲ್ಲ ಶಿವನಸಮುದ್ರಕ್ಕೆ ಹೋಗಿದ್ದೆವು. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಮೊಟ್ಟೆ, ಎಗ್‌ಲೆಸ್ ಮಯೋ ಕಲಸಿದ ಸಲಾಡ್ ನನ್ನದೇ ಕೈಯಡುಗೆ. ಬೆಳಿಗ್ಗೆ ಆರಕ್ಕೆ ಕಲಸಿದ್ದು, ಹನ್ನೊಂದೂವರೆಗೆ ತಿಂದೆವು. ಎರಡೂವರೆಗೆ ಮೊದಲು ನಮ್ಮ ಚಿಕ್ಕಮ್ಮನ ಮಗನಿಗೆ ವಾಂತಿ, ಮೂರರ ಹೊತ್ತಿಗೆ ನಾಲ್ಕು ಜನ ಮಲಗಿದ್ದರು. ಎಲ್ಲರೂ ಮಯೋನೀಸ್‌ಗೆ ಶಾಪ ಹಾಕಿದರು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ‘ಮೊಟ್ಟೆ, ಆಲೂಗಡ್ಡೆ ಸುಲಿದವರು ಯಾರು?’ ಸುಲಿದವಳು ನಾನು. ಹಿಂದಿನ ದಿನ ಈಳಿಗೆ ತಗುಲಿ ಹೆಬ್ಬೆರಳಿಗೆ ಗಾಯವಾಗಿತ್ತು, ಮೇಲೆ ನೆನೆದ ಬ್ಯಾಂಡ್-ಏಡ್ ಇತ್ತು.

ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಗಾಯದಲ್ಲಿ, ಮೂಗಿನಲ್ಲಿ, ಕೈಯಲ್ಲಿ ಇರುತ್ತದೆ. ಬೇಯಿಸಿದ ಮೇಲೆ ಕೈಯಿಂದ ಮುಟ್ಟಿದ ಊಟಕ್ಕೆ ಇಳಿಯುತ್ತದೆ. ಬೆಚ್ಚಗೆ ಐದಾರು ಗಂಟೆ ಸಿಕ್ಕರೆ ವಿಷ ಬಿಡುತ್ತದೆ. ಮಯೋನೀಸ್‌ನ ಹುಳಿ ಬಾಟಲಿಯಲ್ಲಿ ಜೋರಾಗಿರುತ್ತದೆ, ಆದರೆ ಒಂದು ಪಾತ್ರೆ ಆಲೂಗಡ್ಡೆಗೆ ನಾಲ್ಕು ಚಮಚ ಕಲಸಿದಾಗ ಆ ಹುಳಿ ಎಲ್ಲಿ ಉಳಿಯುತ್ತದೆ? ಮಯೋದಲ್ಲಿ ಮೊಟ್ಟೆ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದಕ್ಕೆ ಏನು ಕಲಸಿದಿರಿ, ಯಾವಾಗ ಕಲಸಿದಿರಿ, ಯಾರ ಕೈಯಲ್ಲಿ ಕಲಸಿದಿರಿ ಅನ್ನುವುದೇ ಮುಖ್ಯ. ಅವತ್ತಿನಿಂದ ನಾನು ಮಯೋ ಕಲಸಿದ ಯಾವುದನ್ನೂ ಐಸ್ ಇಲ್ಲದೆ ಕಳಿಸಿಲ್ಲ. ಕೈಗೆ ಗಾಯವಾದವರನ್ನು ತರಕಾರಿ ತೊಳೆಯಲು ಹಾಕುತ್ತೇನೆ, ಬೆಂದದ್ದನ್ನು ಮುಟ್ಟಲು ಬಿಡುವುದಿಲ್ಲ.

ಮನೆಯಲ್ಲೇ ಮಿಕ್ಸಿಯಲ್ಲಿ ಮೊಟ್ಟೆ, ಎಣ್ಣೆ ಹಾಕಿ ಮಾಡಿದ ಮಯೋ ಕಟ್ಟಿಕೊಂಡು ಹೋಗ್ಲಾ?

ಬೇಡ. ಇದರಲ್ಲಿ ನನಗೆ ರಾಜಿ ಇಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಅನ್ನುವ ಬೇನೆ ತರುವ ಬ್ಯಾಕ್ಟೀರಿಯಾ ಇರಬಹುದು, ಸಿಪ್ಪೆ ಮೇಲಷ್ಟೇ ಅಲ್ಲ, ಕೆಲವೊಮ್ಮೆ ಒಳಗೂ. ನೀರಿನಲ್ಲಿ ಮುಳುಗಿಸಿ ನೋಡುವ ಪರೀಕ್ಷೆ ಮೊಟ್ಟೆ ಹಳೆಯದೋ ಹೊಸದೋ ಹೇಳುತ್ತದೆ, ಸಾಲ್ಮೊನೆಲ್ಲಾ ಇದೆಯೋ ಇಲ್ಲವೋ ಹೇಳುವುದಿಲ್ಲ. ಹುಳಿಗೆ ಅಂತ ನಿಂಬೆ ಹಿಂಡಿದರೂ, ಒಂದು ನಿಂಬೆಹಣ್ಣಿಗೂ ಇನ್ನೊಂದಕ್ಕೂ ಹುಳಿ ಬೇರೆ. ಸಾಕಷ್ಟು ಹುಳಿಯಾಯಿತಾ ಎಂದು ನಾಲಿಗೆಯಲ್ಲಿ ಅಳೆಯಲು ಬರುವುದಿಲ್ಲ.

ಸರ್ಕಾರಗಳೂ ಇದನ್ನು ಸುಮ್ನೆ ಬಿಟ್ಟಿಲ್ಲ. ಹಸಿ ಮೊಟ್ಟೆಯ ಮಯೋನೀಸ್ ಅನ್ನು ಕೇರಳ 2023ರ ಜನವರಿಯಲ್ಲಿ ನಿಷೇಧಿಸಿತು. ತೆಲಂಗಾಣ 2024ರ ಅಕ್ಟೋಬರ್‌ನಲ್ಲಿ, ತಮಿಳುನಾಡು 2025ರ ಏಪ್ರಿಲ್‌ನಲ್ಲಿ ಒಂದೊಂದು ವರ್ಷಕ್ಕೆ ನಿಷೇಧ ಹೇರಿದವು.

ಮನೆಯದೇ ಬೇಕು ಅಂದರೆ ಹಳದಿಯನ್ನು ಬೇಯಿಸಿ ಮಾಡಿ. ಎರಡು ಹಳದಿ, ಎರಡು ದೊಡ್ಡ ಚಮಚ ನೀರು, ಎರಡು ದೊಡ್ಡ ಚಮಚ ನಿಂಬೆರಸ ಸಣ್ಣ ಪಾತ್ರೆಯಲ್ಲಿ ಹಾಕಿ, ತೀರಾ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ. ಅಡುಗೆ ಥರ್ಮಾಮೀಟರ್ 71 ಡಿಗ್ರಿ ತೋರಿಸಬೇಕು. ಅಷ್ಟರಲ್ಲಿ ಅದು ದಪ್ಪಗಾಗಿ ಒಂದೆರಡು ಗುಳ್ಳೆ ಏಳುತ್ತವೆ. ತಕ್ಷಣ ಪಾತ್ರೆಯ ತಳವನ್ನು ತಣ್ಣೀರಿಗೆ ಮುಟ್ಟಿಸಿ, ಆಮೇಲೆ ಮಿಕ್ಸಿಯಲ್ಲಿ ಎಣ್ಣೆಯನ್ನು ನೂಲಿನ ಹಾಗೆ ಬಿಡುತ್ತಾ ಹೋಗಿ. ಇದನ್ನೂ ಫ್ರಿಜ್‌ನಲ್ಲಿ, ಐಸ್ ಮೇಲೆ ಇಡಲೇಬೇಕು. ಆದರೆ ಹಸಿ ಮೊಟ್ಟೆಯ ಭಯ ಹೋಗುತ್ತದೆ.

## ಕಸ್ಟರ್ಡ್

ಕಸ್ಟರ್ಡ್ ಪೌಡರ್‌ನಲ್ಲಿ ಮೊಟ್ಟೆನೇ ಇಲ್ವಲ್ಲ, ಅದಕ್ಯಾಕೆ ಇಷ್ಟು ಹೆದರಿಸ್ತೀರಿ?

ಇಲ್ಲ, ನಿಜ. ಇಂಗ್ಲೆಂಡಿನಲ್ಲಿ 1837ರಲ್ಲಿ ಆಲ್ಫ್ರೆಡ್ ಬರ್ಡ್ ಈ ಪುಡಿ ಮಾಡಿದ್ದೇ ಹೆಂಡತಿಗೆ ಮೊಟ್ಟೆ ಆಗುವುದಿಲ್ಲ ಅಂತ. ಅದು ಕಾರ್ನ್‌ಫ್ಲೋರ್, ಬಣ್ಣ, ವೆನಿಲ್ಲಾ ಅಷ್ಟೇ. ಆದರೆ ಅದನ್ನು ಕಲಸುವುದು ಹಾಲಿಗೆ. ಹಾಲು, ಹಿಟ್ಟು, ಸಕ್ಕರೆ, ತೇವ ಎಲ್ಲ ಸೇರಿ ಹುಳಿಯಿಲ್ಲದ ಗಟ್ಟಿ ಪಾಯಸವಾಗುತ್ತದೆ. ಸಕ್ಕರೆ ಕಾಪಾಡುತ್ತದೆ ಅನ್ನುವವರಿದ್ದಾರೆ. ಜಾಮ್‌ನಲ್ಲಿ ಕಾಪಾಡುತ್ತದೆ, ಏಕೆಂದರೆ ಅಲ್ಲಿ ಸಕ್ಕರೆಯೇ ಅರ್ಧಕ್ಕಿಂತ ಜಾಸ್ತಿ. ಅರ್ಧ ಲೀಟರ್ ಹಾಲಿಗೆ ನಾಲ್ಕೈದು ಚಮಚ ಹಾಕಿದರೆ ಸಾಲುವುದಿಲ್ಲ.

ಫ್ರೂಟ್ ಕಸ್ಟರ್ಡ್ ಇನ್ನೂ ನಾಜೂಕು. ಬೆಂದು ತಣಿದ ಕಸ್ಟರ್ಡ್‌ಗೆ ಹಸಿಯಾಗಿ ಹೆಚ್ಚಿದ ಬಾಳೆ, ಸೇಬು, ದ್ರಾಕ್ಷಿ ಬೀಳುತ್ತವೆ. ಅದರ ಜೊತೆ ಚಾಕು, ಮಣೆ, ಕೈ ಮೂರರದ್ದೂ ಸೇರುತ್ತದೆ. ಕೆರಮೆಲ್ ಪುಡ್ಡಿಂಗ್‌ನಲ್ಲಿ ಮೊಟ್ಟೆ ನಿಜವಾಗಿ ಇದೆ. ಪೂರ್ತಿ ಬೆಂದಿದ್ದರೆ ಅದು ಫ್ರೂಟ್ ಕಸ್ಟರ್ಡ್‌ಗಿಂತ ಕೆಟ್ಟದ್ದೇನಲ್ಲ, ಒಳ್ಳೆಯದೂ ಅಲ್ಲ.

ಮಕ್ಕಳು ಕಸ್ಟರ್ಡ್ ಬೇಕೇ ಬೇಕು ಅಂತಾರೆ. ಏನಾದರೂ ದಾರಿ ಹೇಳಿ.

ನನಗೆ ಇಷ್ಟವಾದ ದಾರಿ ಬಿಸಿ ಕಸ್ಟರ್ಡ್. ಸ್ಟೀಲ್ ವ್ಯಾಕ್ಯೂಮ್ ಫ್ಲಾಸ್ಕ್‌ಗೆ ಕುದಿಯುವ ನೀರು ತುಂಬಿ ಹತ್ತು ನಿಮಿಷ ಬಿಡಿ. ನೀರು ಚೆಲ್ಲಿ, ಆಗತಾನೇ ಕುದಿದ ತೆಳುವಾದ ಕಸ್ಟರ್ಡ್ ಅನ್ನು ಬಾಯಿವರೆಗೂ ತುಂಬಿಸಿ. ಅರ್ಧ ಖಾಲಿ ಫ್ಲಾಸ್ಕ್ ಬೇಗ ತಣಿಯುತ್ತದೆ. ಒಳ್ಳೆಯ ಫ್ಲಾಸ್ಕ್ ಆದರೆ ನಾಲ್ಕೈದು ಗಂಟೆ 60 ಡಿಗ್ರಿ ಮೇಲೇ ಇರುತ್ತದೆ. ಆದರೆ ನಿಮ್ಮ ಫ್ಲಾಸ್ಕ್ ಹೇಗಿದೆ ಎಂದು ಮನೆಯಲ್ಲಿ ಒಮ್ಮೆ ಅಳೆದು ನೋಡಿ. ತೆರೆದ ಮೇಲೆ ಎಲ್ಲರ ಲೋಟಕ್ಕೂ ಸುರಿದು ಮುಗಿಸಿ, ಮತ್ತೆ ಮುಚ್ಚಿಡಬೇಡಿ. ಬಾಳೆಹಣ್ಣನ್ನು ಅಲ್ಲೇ ಸುಲಿದು ಲೋಟಕ್ಕೆ ಹಾಕಿ.

ಪಿಕ್ನಿಕ್ ಜಾಗದಲ್ಲಿ ಒಲೆ ಹಚ್ಚುವವರು ಟೆಟ್ರಾ ಪ್ಯಾಕ್ ಹಾಲು, ಕಸ್ಟರ್ಡ್ ಪುಡಿ, ಸಕ್ಕರೆ ಬೇರೆಬೇರೆ ಒಯ್ದು ಅಲ್ಲೇ ಮಾಡಿಕೊಳ್ಳಿ. ತೆರೆಯದ ಟೆಟ್ರಾ ಪ್ಯಾಕ್‌ಗೆ ಫ್ರಿಜ್ ಬೇಡ.

## ಡಬ್ಬಿ, ಐಸ್, ಲೆಕ್ಕ

ಐಸ್‌ಬಾಕ್ಸ್ ಹೇಗೆ ತುಂಬಿಸಬೇಕು?

ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಹಿಂದಿನ ದಿನವೇ ಫ್ರೀಜರ್‌ನಲ್ಲಿಡಿ. ನೀರು ಐಸ್ ಆಗುವಾಗ ಹಿಗ್ಗುತ್ತದೆ, ಪೂರ್ತಿ ತುಂಬಿದರೆ ಬಾಟಲಿ ಬಿರಿಯುತ್ತದೆ. ಊಟದ ತೂಕ ಎಷ್ಟೋ ಐಸ್ ತೂಕವೂ ಅಷ್ಟಿರಲಿ. ಜನ ಎರಡು ಕೆಜಿ ಊಟಕ್ಕೆ ಅಂಗೈಯಗಲದ ಒಂದು ಜೆಲ್ ಪ್ಯಾಕ್ ಇಟ್ಟು ಐಸ್‌ಬಾಕ್ಸ್ ಅನ್ನುತ್ತಾರೆ!

ಒಳಗೆ ಹೋಗುವ ಪ್ರತಿಯೊಂದೂ ಫ್ರಿಜ್‌ನಿಂದಲೇ ನೇರವಾಗಿ ಹೋಗಬೇಕು. ಐಸ್‌ಬಾಕ್ಸ್ ತಣ್ಣಗಿದ್ದದ್ದನ್ನು ತಣ್ಣಗಿಡುತ್ತದೆ ಅಷ್ಟೇ, ಬಿಸಿಯಾಗಿದ್ದದ್ದನ್ನು ತಣಿಸುವ ಶಕ್ತಿ ಅದಕ್ಕಿಲ್ಲ. ತಣ್ಣನೆ ಗಾಳಿ ಕೆಳಕ್ಕಿಳಿಯುವುದರಿಂದ ಒಂದೆರಡು ಬಾಟಲಿ ಊಟದ ಮೇಲೂ ಇರಲಿ. ಖಾಲಿ ಜಾಗಕ್ಕೆ ಟವೆಲ್ ತುರುಕಿ. ಕುಡಿಯುವ ನೀರು, ಜ್ಯೂಸ್ ಇದರಲ್ಲಿ ಇಡಬೇಡಿ. ಮಕ್ಕಳು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆಯುತ್ತಾರೆ.

ಹಾಟ್‌ಬಾಕ್ಸ್ ಮೇಲೆ ಆರು ಗಂಟೆ ಬಿಸಿ ಅಂತ ಬರೆದಿದೆ. ಎಗ್ ಬಿರಿಯಾನಿ ಅದರಲ್ಲಿ ಇಡಬಹುದಾ?

ಬಿಸಿ ಅನ್ನುವುದಕ್ಕೂ 60 ಡಿಗ್ರಿಗೂ ವ್ಯತ್ಯಾಸ ಇದೆ. 45 ಡಿಗ್ರಿಯೂ ಕೈಗೆ ಬಿಸಿಯೇ. ನಿಮ್ಮ ಹಾಟ್‌ಬಾಕ್ಸ್‌ನಲ್ಲಿ ಒಂದು ಭಾನುವಾರ ಅನ್ನ ತುಂಬಿಸಿ, ಗಂಟೆಗೊಮ್ಮೆ ಥರ್ಮಾಮೀಟರ್ ಕಡ್ಡಿ ಚುಚ್ಚಿ ನೋಡಿ. ನನ್ನ ಬಳಿ ಇರುವ ನಾಲ್ಕು ಡಬ್ಬಿಗಳಲ್ಲಿ ಒಂದೇ ಒಂದು ನಾಲ್ಕನೇ ಗಂಟೆಯಲ್ಲಿ 60 ದಾಟಿತ್ತು. ಉಳಿದವು ಮೂರಕ್ಕೇ ಸೋತವು.

ಬಿರಿಯಾನಿಯಲ್ಲಿ ಮೊಟ್ಟೆಗಿಂತ ಅನ್ನದ ಚಿಂತೆ ದೊಡ್ಡದು. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸಿರಿಯಸ್ ಅನ್ನುವ ಜೀವಿಯ ಬೀಜಕಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗಾದಾಗ ಎದ್ದು ಬೆಳೆಯುತ್ತವೆ. ರಾತ್ರಿ ಮಾಡಿದ ಬಿರಿಯಾನಿಯನ್ನು ಹಾಟ್‌ಬಾಕ್ಸ್‌ಗೆ ತುಂಬಿಸಿ ಬೆಳಿಗ್ಗೆ ಒಯ್ಯುವುದು ನಾನು ಕಂಡ ಅತಿ ಕೆಟ್ಟ ಅಭ್ಯಾಸ.

ಬೆಂಗಳೂರಿಂದ ಹುಬ್ಬಳ್ಳಿಗೆ ಹಗಲು ರೈಲು, ಆರು ಜನ. ಎಗ್ ಸ್ಯಾಂಡ್‌ವಿಚ್, ಕಸ್ಟರ್ಡ್ ಎರಡೂ ಬೇಕು. ಹೇಗೆ ಕಟ್ಟಲಿ?

ಹೋದ ಬೇಸಿಗೆಯಲ್ಲಿ ಒಬ್ಬರಿಗೆ ಕಟ್ಟಿಕೊಟ್ಟದ್ದನ್ನೇ ಹೇಳುತ್ತೇನೆ. ಆರು ಜನರಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಇಬ್ಬರು ಮಕ್ಕಳು. ರೈಲು ಬೆಳಿಗ್ಗೆ ಏಳಕ್ಕೆ, ಊಟ ಹನ್ನೆರಡಕ್ಕೆ.

ಹಿಂದಿನ ಸಂಜೆ ಒಂಬತ್ತು ಮೊಟ್ಟೆ ಬೇಯಿಸಿ, ಫಿಲ್ಟರ್ ನೀರಿನಲ್ಲಿ ತಣಿಸಿ, ಸಿಪ್ಪೆ ಸಮೇತ ಫ್ರಿಜ್‌ಗೆ. ಎರಡು ಒಂದು ಲೀಟರ್ ಬಾಟಲಿ ಫ್ರೀಜರ್‌ಗೆ. ಸ್ಯಾಂಡ್‌ವಿಚ್ ಮಾಡಲೇ ಇಲ್ಲ. ಬ್ರೆಡ್ ಪೊಟ್ಟಣ, ಹನ್ನೆರಡು ಮಯೋ ಸ್ಯಾಶೆ, ಕಾಳುಮೆಣಸಿನ ಪುಡಿ, ಉಪ್ಪು, ತೊಳೆದ ಇಡೀ ಸೌತೆಕಾಯಿ ಒಂದು ಬಟ್ಟೆ ಚೀಲಕ್ಕೆ. ಅವಕ್ಕೆ ಐಸ್ ಬೇಕಿಲ್ಲ. ಬೆಳಿಗ್ಗೆ ಐದೂವರೆಗೆ ಮೊಟ್ಟೆಗಳು ಫ್ರಿಜ್‌ನಿಂದ ಸೀದಾ ಸಣ್ಣ ಐಸ್‌ಬಾಕ್ಸ್‌ಗೆ, ಬಾಟಲಿಗಳ ನಡುವೆ. ಒಂಬತ್ತು ಮೊಟ್ಟೆ ಅಂದರೆ ಅರ್ಧ ಕೆಜಿ, ಐಸ್ ಒಂದೂವರೆ ಕೆಜಿ, ಧಾರಾಳವಾಯಿತು. ಕಸ್ಟರ್ಡ್ ಐದೂವರೆಗೇ ಕುದಿಸಿ ಫ್ಲಾಸ್ಕ್‌ಗೆ. ಅದನ್ನು ಊಟದವರೆಗೆ ಕಾಯದೆ ಒಂಬತ್ತಕ್ಕೇ ಮುಗಿಸಿ ಅಂದಿದ್ದೆ.

ಹನ್ನೆರಡಕ್ಕೆ ಐಸ್‌ಬಾಕ್ಸ್ ತೆಗೆದಾಗ ಬಾಟಲಿಯಲ್ಲಿ ಇನ್ನೂ ಗಟ್ಟಿ ಐಸ್ ಇರಬೇಕು, ಮೊಟ್ಟೆ ಕೈಗೆ ಕೊರೆಯಬೇಕು. ಹಾಗಿಲ್ಲದಿದ್ದರೆ ಬ್ರೆಡ್, ಸೌತೆಕಾಯಿ ತಿಂದು ಮೊಟ್ಟೆ ಬಿಡಿ ಎಂದಿದ್ದೆ. ಸಿಪ್ಪೆ ಬಿಡಿಸುವ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು. ಪೇಪರ್ ಸೋಪ್ ಕೊಟ್ಟಿದ್ದೆ. ಜಿಡ್ಡು ಕೈಗೆ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಮೊಟ್ಟೆ ಕಿವುಚಿ, ಮಯೋ ಹಿಂಡಿ, ಬ್ರೆಡ್‌ಗೆ ಸವರಿ ಅಲ್ಲೇ ತಿನ್ನಬೇಕು, ಮಿಕ್ಕಿದ್ದನ್ನು ಸಂಜೆಗೆ ಅಂತ ಎತ್ತಿಡಬಾರದು. ರಾತ್ರಿ ಮೆಸೇಜ್ ಬಂತು: ಐಸ್ ಅರ್ಧ ಉಳಿದಿತ್ತು, ಪಕ್ಕದ ಸೀಟಿನವರಿಗೆ ಮೊಟ್ಟೆ ವಾಸನೆ ಹಿಡಿಸಲಿಲ್ಲ. ಎರಡನೆಯದಕ್ಕೆ ನನ್ನಲ್ಲಿ ಮದ್ದಿಲ್ಲ.

ದೆಹಲಿಗೆ ಎರಡು ರಾತ್ರಿ ಪ್ರಯಾಣ. ಎರಡನೇ ದಿನಕ್ಕೆ ಮೊಟ್ಟೆ?

ಮನೆಯಿಂದ ಬೇಡ. ಅಷ್ಟು ಹೊತ್ತು ಸಾಲುವ ಐಸ್ ಹೊರುವುದು ಯಾರಿಗೂ ಆಗದು. ಮೊದಲ ರಾತ್ರಿ ಊಟಕ್ಕೆ ಮೊಟ್ಟೆ ಮುಗಿಸಿ, ಆಮೇಲೆ ಅವಲಕ್ಕಿ, ಖಾಖ್ರಾ, ಜೋಳದ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ದಾರಿಯಲ್ಲಿ ಆಮ್ಲೆಟ್ ಕೊಂಡರೆ ಕಣ್ಣೆದುರು ಬೆಂದದ್ದಾಗಿರಲಿ.

## ಇನ್ನೂ ಸ್ವಲ್ಪ ಆಳಕ್ಕೆ

ಅನುಮಾನ ಬಂದ್ರೆ ಮತ್ತೆ ಚೆನ್ನಾಗಿ ಕುದಿಸಿ ತಿಂದ್ರೆ ಆಯ್ತಲ್ಲ?

ಸಾಲ್ಮೊನೆಲ್ಲಾ ಒಂದೇ ಆಗಿದ್ದರೆ ಈ ಮಾತಿಗೆ ಬೆಲೆ ಇತ್ತು. ಅದು ಬಿಸಿಗೆ ಸಾಯುತ್ತದೆ. ಆದರೆ ಸ್ಟ್ಯಾಫಿಲೊಕಾಕಸ್ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಬ್ಯಾಸಿಲಸ್ ಸಿರಿಯಸ್‌ನ ವಾಂತಿ ತರುವ ವಿಷವೂ ಹಾಗೇ. ಬ್ಯಾಕ್ಟೀರಿಯಾ ಸತ್ತಿರುತ್ತದೆ, ಅದು ಬಿಟ್ಟುಹೋದದ್ದು ತಟ್ಟೆಯಲ್ಲೇ ಇರುತ್ತದೆ. ಹೊತ್ತು ಮೀರಿದ ಮೊಟ್ಟೆ ಪಲ್ಯವನ್ನು ಬಾಣಲೆಗೆ ಹಾಕಿ ಹುರಿದು ಉಳಿಸಲು ಬರುವುದಿಲ್ಲ.

ತಿಂದ ಮೂರು ಗಂಟೆಗೆ ವಾಂತಿ ಶುರುವಾಯ್ತು. ಯಾವುದರಿಂದ ಅಂತ ತಿಳಿಯೋದು ಹೇಗೆ? ರೈಲಲ್ಲಿ ಏನು ಮಾಡ್ಲಿ?

ಸಮಯ ಒಂದು ಸುಳಿವು ಕೊಡುತ್ತದೆ. ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ, ಜ್ವರವಿಲ್ಲದೆ ಜೋರು ವಾಂತಿ ಬಂದರೆ ಊಟದಲ್ಲಿ ಮೊದಲೇ ಇದ್ದ ವಿಷದ ಅನುಮಾನ, ಅಂದರೆ ಸ್ಟ್ಯಾಫಿಲೊಕಾಕಸ್ ಅಥವಾ ಅನ್ನದ್ದು. ಸಾಲ್ಮೊನೆಲ್ಲಾ ಹೊಟ್ಟೆಯೊಳಗೆ ಬೆಳೆಯಬೇಕು, ಅದಕ್ಕೆ ಆರು ಗಂಟೆಯಿಂದ ಮೂರು ದಿನದವರೆಗೂ ಹಿಡಿಯುತ್ತದೆ, ಜ್ವರ, ಭೇದಿ, ಹೊಟ್ಟೆನೋವಿನ ಜೊತೆ ಬರುತ್ತದೆ. ಹಾಗಾಗಿ ರೈಲು ಇಳಿದ ಮರುದಿನ ಭೇದಿಯಾದರೆ ಆ ಊರಿನ ನೀರನ್ನು ಬೈಯುವ ಮುಂಚೆ ಹಿಂದಿನ ದಿನದ ಬುತ್ತಿಯನ್ನೂ ನೆನಪಿಸಿಕೊಳ್ಳಿ. ಇದು ಸುಳಿವು ಮಾತ್ರ, ಖಚಿತ ಮಾಡುವವರು ಡಾಕ್ಟರು.

ರೈಲಿನಲ್ಲಿ ಮೊದಲು ಬೇಕಾದ್ದು ಓಆರ್‌ಎಸ್. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಕಲಸಿ, ಗಟಗಟ ಕುಡಿಸದೆ ಗುಟುಕು ಗುಟುಕಾಗಿ ಕೊಡಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ಕೊಡಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಕುಡಿದದ್ದು ನಿಲ್ಲುತ್ತಿಲ್ಲ, ಮೂತ್ರ ಕಡಿಮೆಯಾಗಿದೆ, ಭೇದಿಯಲ್ಲಿ ರಕ್ತ ಇದೆ, ಜೋರು ಜ್ವರ ಇದೆ, ಮಂಪರು ಕವಿಯುತ್ತಿದೆ ಅಂದರೆ ಕಾಯಬೇಡಿ. ಸಣ್ಣ ಮಗು, ಗರ್ಭಿಣಿ, ವಯಸ್ಸಾದವರು ಆದರೆ ಇಷ್ಟಕ್ಕೂ ಕಾಯಬೇಡಿ. ಟಿಟಿಇಗೆ ಹೇಳಿ ಅಥವಾ ರೈಲ್ವೆಯ 139ಕ್ಕೆ ಫೋನ್ ಮಾಡಿ, ಮುಂದಿನ ದೊಡ್ಡ ಸ್ಟೇಷನ್‌ನಲ್ಲಿ ಡಾಕ್ಟರ್ ಬೇಕೆಂದು ಹೇಳಿ. ಕೋಚ್, ಸೀಟ್ ನಂಬರ್, ಪಿಎನ್‌ಆರ್ ಕೈಯಲ್ಲಿರಲಿ. ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಡಾಕ್ಟರು ಮೊದಲು ಕೇಳುವುದು ಅದನ್ನೇ.